ಪೀಸಿಗೆಷ್ಟು, ದಿನಕ್ಕೆಷ್ಟು, ಒಟ್ಟು ಎಷ್ಟು: ಬಳ್ಳಾರಿಯ ಸ್ವತಂತ್ರ ಛಾಯಾಗ್ರಾಹಕರು ಹೊಸ ಗ್ರಾಹಕರೊಂದಿಗೆ ದರ ಮಾತಾಡುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್ ಮಾರಾಟಕ್ಕೆ ಜೀನ್ಸ್ ಪ್ಯಾಂಟುಗಳ ಫೋಟೊ ತೆಗೆದುಕೊಡುವ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಇಲ್ಲಿನ ಖರ್ಚು ಮತ್ತು ದರದ ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಷ್ಟೇ ಇವೆ. ಓದುವವರು ತಮ್ಮ ಮನೆಯ ಮತ್ತು ವೃತ್ತಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿ ನೋಡಬೇಕು.

ನಮ್ಮೂರಿನ ಗ್ರಾಹಕರು ಮೊದಲ ಮಾತಿಗೇ “ಪೀಸಿಗೆಷ್ಟು?” ಎಂದು ಕೇಳುವುದೇಕೆ?

ಅವರ ವ್ಯವಹಾರವೆಲ್ಲ ಆ ಲೆಕ್ಕದಲ್ಲೇ ನಡೆಯುತ್ತದೆ. ಜೀನ್ಸ್ ಘಟಕದಲ್ಲಿ ಹೊಲಿಗೆಯವರಿಗೆ ಪೀಸಿನ ಲೆಕ್ಕ, ವಾಷಿಂಗ್‌ಗೆ ಪೀಸಿನ ಲೆಕ್ಕ. ಮಾರುಕಟ್ಟೆಯಲ್ಲಿ ಹಮಾಲರಿಗೆ ಚೀಲದ ಲೆಕ್ಕ, ಹೊಲದಲ್ಲಿ ಹತ್ತಿ ಬಿಡಿಸುವವರಿಗೆ ಕಿಲೋ ಲೆಕ್ಕ. ಆದ್ದರಿಂದ ಘಟಕದ ಮಾಲೀಕರು “ಪೀಸಿಗೆಷ್ಟು ಹೇಳ್ರಿ ಮೊದ್ಲು” ಎಂದರೆ ಅದನ್ನು ಚೌಕಾಸಿಯ ಆರಂಭವೆಂದು ತಿಳಿಯಬೇಕಿಲ್ಲ. ತಮ್ಮ ಪ್ಯಾಂಟಿನ ಒಟ್ಟು ವೆಚ್ಚದಲ್ಲಿ ಫೋಟೊದ ಪಾಲು ಎಷ್ಟಾಗುತ್ತದೆ ಎಂದು ಅವರು ಮನಸ್ಸಿನಲ್ಲೇ ಕೂಡಿಸುತ್ತಿರುತ್ತಾರೆ.

ತೊಂದರೆ ಇರುವುದು ನಮ್ಮ ಕಡೆ. ಹೊಲಿಗೆ ಯಂತ್ರ ದಿನವಿಡೀ ಒಂದೇ ಕೆಲಸ ಮಾಡುತ್ತದೆ, ನಮ್ಮ ಕೆಲಸ ಹಾಗಲ್ಲ. ಒಂದು ಪೀಸಿನ ಹಿಂದೆ ಇಸ್ತ್ರಿ, ಬೆಳಕಿನ ಹೊಂದಿಕೆ, ಚಿತ್ರೀಕರಣ ಮತ್ತು ಎಡಿಟಿಂಗ್ ಇರುತ್ತವೆ, ಇವುಗಳಲ್ಲಿ ಕೆಲವು ಪೀಸಿನ ಸಂಖ್ಯೆಯೊಂದಿಗೆ ಹೆಚ್ಚುಕಡಿಮೆಯಾಗುವುದಿಲ್ಲ. ಹಾಗಾಗಿ ಪೀಸಿನ ದರವನ್ನು ಹೇಳಬಹುದು, ಆದರೆ ಅದು ಲೆಕ್ಕದ ಕೊನೆಯಲ್ಲಿ ಬರುವ ಅಂಕಿಯಾಗಿರಬೇಕು. ಮೊದಲು ದಿನದ ದರ, ಆಮೇಲೆ ಒಟ್ಟು ಬೆಲೆ, ಅದನ್ನು ಭಾಗಿಸಿದ ಮೇಲೆ ಪೀಸಿನ ದರ.

ದಿನದ ದರವನ್ನು ಎಲ್ಲಿಂದ ಆರಂಭಿಸಬೇಕು?

ಬಹಳಷ್ಟು ಜನ ತಿಂಗಳ ಸಂಬಳದಿಂದ ಆರಂಭಿಸುತ್ತಾರೆ. ಮನೆಗೆ ತಿಂಗಳಿಗೆ ₹32,000 ಬೇಕು, ಅದನ್ನು 26ರಿಂದ ಭಾಗಿಸಿದರೆ ಸುಮಾರು ₹1,230, ಮೇಲೆ ಸ್ವಲ್ಪ ಸೇರಿಸಿ ₹1,500 ಎಂದು ಹೇಳಿಬಿಡುತ್ತಾರೆ. ಸಂಬಳ ಪಡೆಯುವವನಿಗೆ ಕ್ಯಾಮೆರಾ, ಕೋಣೆ ಮತ್ತು ಕಂಪ್ಯೂಟರನ್ನು ಮಾಲೀಕ ಕೊಟ್ಟಿರುತ್ತಾನೆ, ಕೆಲಸವಿಲ್ಲದ ದಿನಕ್ಕೂ ಸಂಬಳ ಬರುತ್ತದೆ. ಸ್ವತಂತ್ರವಾಗಿ ದುಡಿಯುವವನಿಗೆ ಎರಡೂ ಇಲ್ಲದಿರುವುದರಿಂದ ಲೆಕ್ಕವನ್ನು ಇಡೀ ವರ್ಷಕ್ಕೆ ಹಾಕಬೇಕಾಗುತ್ತದೆ.

ಮನೆಯ ಖರ್ಚು ವರ್ಷಕ್ಕೆ ₹3,84,000 ಆಯಿತು. ಕ್ಯಾಮೆರಾ, ಲೆನ್ಸ್, ಲೈಟುಗಳು ಮತ್ತು ಕಂಪ್ಯೂಟರ್ ಸೇರಿ ₹3,60,000 ಬೆಲೆಯ ಸಾಮಾನು ನಾಲ್ಕು ವರ್ಷ ಬಾಳುತ್ತದೆ ಎಂದುಕೊಂಡರೆ ವರ್ಷಕ್ಕೆ ₹90,000 ಸವಕಳಿ. ಕೋಣೆಯ ಬಾಡಿಗೆ ₹60,000. ಕರೆಂಟು, ಇಂಟರ್‌ನೆಟ್, ಸಾಫ್ಟ್‌ವೇರ್, ಹಾರ್ಡ್ ಡಿಸ್ಕ್ ಮತ್ತು ರಿಪೇರಿಗೆ ₹60,000. ಗಾಡಿ ಮತ್ತು ಫೋನಿಗೆ ₹36,000. ವಿಮೆ, ತೆರಿಗೆ, ಕಷ್ಟಕಾಲಕ್ಕೆ ಎತ್ತಿಡುವ ಹಣ ಎಲ್ಲ ಸೇರಿ ₹90,000. ಒಟ್ಟು ₹7,20,000 ಆಗುತ್ತದೆ.

ಇದನ್ನು ಎಷ್ಟು ದಿನಗಳಿಂದ ಭಾಗಿಸಬೇಕು ಎಂಬುದರಲ್ಲಿಯೇ ಎಲ್ಲ ಗುಟ್ಟು ಇದೆ. 365ರಲ್ಲಿ 52 ಭಾನುವಾರಗಳನ್ನು, ಹಬ್ಬ, ಜಾತ್ರೆ, ಮನೆಯ ಮದುವೆ ಮತ್ತು ಜ್ವರಕ್ಕೆಂದು 33 ದಿನಗಳನ್ನು ಕಳೆದರೆ 280 ದಿನಗಳು ಉಳಿಯುತ್ತವೆ. ಆ 280 ದಿನವೂ ಹಣ ಹುಟ್ಟುವುದಿಲ್ಲ. ಗ್ರಾಹಕರನ್ನು ಭೇಟಿಯಾಗುವುದು, ದರಪಟ್ಟಿ ಬರೆಯುವುದು, ಬಾಕಿ ಕೇಳಲು ಓಡಾಡುವುದು, ಸಾಮಾನು ರಿಪೇರಿಗೆ ಕೊಡುವುದು ಮತ್ತು ಕೆಲಸವೇ ಸಿಗದೆ ಕೂರುವ ದಿನಗಳು ಸೇರಿ 120 ದಿನಗಳು ಹೋಗುತ್ತವೆ ಎಂದಿಟ್ಟುಕೊಳ್ಳೋಣ. ಉಳಿಯುವುದು 160 ದಿನ. ₹7,20,000ವನ್ನು 160ರಿಂದ ಭಾಗಿಸಿದರೆ ದಿನಕ್ಕೆ ₹4,500 ಬರುತ್ತದೆ. ಇದಕ್ಕಿಂತ ಕೆಳಗೆ ಇಳಿದರೆ ಕಳೆದುಕೊಳ್ಳುವುದು ಲಾಭವನ್ನಲ್ಲ, ಮನೆ ಖರ್ಚನ್ನು ಅಥವಾ ಮುಂದಿನ ಕ್ಯಾಮೆರಾವನ್ನು.

160 ದಿನ ತೀರಾ ಕಡಿಮೆಯಾಗಲಿಲ್ಲವೇ?

ಹೊಸಬರಿಗೆ ಹಾಗೆ ಅನ್ನಿಸುತ್ತದೆ. ಕಳೆದ ವರ್ಷದ ಬ್ಯಾಂಕ್ ಪಾಸ್‌ಬುಕ್ ಮತ್ತು ಹಳೆಯ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ನಿಜವಾಗಿ ಯಾರೋ ಒಬ್ಬರು ದುಡ್ಡು ಕೊಟ್ಟ ಕೆಲಸದಲ್ಲಿ ಕಳೆದ ದಿನಗಳಿಗೆ ಮಾತ್ರ ಗುರುತು ಹಾಕುತ್ತ ಬನ್ನಿ. ಚಿತ್ರೀಕರಣದ ದಿನವನ್ನೂ ಎಡಿಟಿಂಗ್ ದಿನವನ್ನೂ ಸಮವಾಗಿಯೇ ಎಣಿಸಿ. ನಿಮ್ಮದು 190 ಬಂದರೆ ದರ ಇಳಿಯುತ್ತದೆ, 130 ಬಂದರೆ ಏರುತ್ತದೆ. ಊಹೆಯ ಅಂಕಿ ಬೇಡ.

ಒಟ್ಟು ಕೆಲಸದ ಬೆಲೆಯನ್ನು ಕಟ್ಟುವುದು ಹೇಗೆ?

ಹೊಸ ಗ್ರಾಹಕರೊಬ್ಬರು 60 ಮಾದರಿಯ ಜೀನ್ಸ್ ತಂದಿದ್ದಾರೆ ಎಂದಿಟ್ಟುಕೊಳ್ಳೋಣ. ಪ್ರತಿ ಪೀಸಿಗೆ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ಜೇಬಿನ ಹತ್ತಿರದಿಂದ ಮತ್ತು ಬಟ್ಟೆಯ ನೇಯ್ಗೆ ಕಾಣುವಂತೆ ಐದು ಫೋಟೊಗಳು, ಅಂದರೆ ಒಟ್ಟು 300 ಬೇಕು. ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಬೊಂಬೆಗೆ ತೊಡಿಸಿ ತೆಗೆದ ಮೇಲೆ ಬೊಂಬೆ ಕಾಣದಂತೆ ಎಡಿಟ್ ಮಾಡಬೇಕು.

ಅಂದಾಜಿಗೆ ಗಡಿಯಾರ ಬೇಕು. ಇಸ್ತ್ರಿ ಮಾಡಿ, ದಾರದ ಎಳೆ ಕತ್ತರಿಸಿ, ಬೊಂಬೆಗೆ ತೊಡಿಸಿ, ಐದು ಕೋನಗಳಲ್ಲಿ ತೆಗೆಯಲು ಪೀಸಿಗೆ 20 ನಿಮಿಷ ಹಿಡಿಯುತ್ತದೆ. 60 ಪೀಸಿಗೆ 1,200 ನಿಮಿಷ. ಕೋಣೆಯಲ್ಲಿ ಹತ್ತು ಗಂಟೆ ಇದ್ದರೂ ಊಟ, ಫೋನು ಮತ್ತು ಕರೆಂಟು ಹೋಗಿ ಬರುವುದನ್ನು ಕಳೆದರೆ ನಿಜವಾದ ದುಡಿಮೆ ಆರೂವರೆ ಗಂಟೆ, ಅಂದರೆ 390 ನಿಮಿಷ. ಚಿತ್ರೀಕರಣಕ್ಕೆ ಮೂರು ದಿನ ಬೇಕಾಗುತ್ತದೆ, ಕೊನೆಯ ದಿನ ಅರ್ಧ ಗಂಟೆ ಹೆಚ್ಚು ಕೂರಬೇಕು. ಎಡಿಟಿಂಗ್ ಫೋಟೊಗೆ ಆರು ನಿಮಿಷದಂತೆ 1,800 ನಿಮಿಷ, ಸುತ್ತುಗಟ್ಟಿ ಐದು ದಿನ. ಸಾಮಾನು ಎಣಿಸಿ ಪಡೆಯುವುದು, ಬೆಳಕು ಹೊಂದಿಸುವುದು, ಮೊದಲ ಎರಡು ಪೀಸ್ ತೋರಿಸಿ ಒಪ್ಪಿಗೆ ಪಡೆಯುವುದು ಒಂದು ದಿನ. ಒಟ್ಟು ಒಂಬತ್ತು ದಿನ.

ಒಂಬತ್ತು ದಿನಕ್ಕೆ ₹4,500ರಂತೆ ₹40,500. ಇಸ್ತ್ರಿಯ ಸಹಾಯಕನಿಗೆ ಮೂರು ದಿನಕ್ಕೆ ₹2,100. ಸಾಮಾನು ತಂದು ಮರಳಿಸುವ ಆಟೊಗೆ ₹1,500. ಅಂದಾಜು ತಪ್ಪಿದರೆ ತಡೆದುಕೊಳ್ಳಲು ದಿನಗಳ ಮೊತ್ತದ ಮೇಲೆ ನೂರಕ್ಕೆ ಹತ್ತರಂತೆ ₹4,050. ಎಲ್ಲ ಕೂಡಿ ₹48,150, ಮಾತಿಗೆ ₹48,000. ಈಗ ಭಾಗಿಸಬಹುದು: ಪೀಸಿಗೆ ₹800.

ದಿನದ ದರ, ಪೀಸಿನ ದರ, ಒಟ್ಟು ಬೆಲೆ — ಗ್ರಾಹಕರಿಗೆ ಯಾವುದನ್ನು ಹೇಳಬೇಕು?

ಕೆಲಸದ ಆದಿ ಅಂತ್ಯ ಸ್ಪಷ್ಟವಾಗಿದ್ದರೆ ಒಟ್ಟು ಬೆಲೆಯನ್ನು ಹೇಳಿ, ಪಕ್ಕದಲ್ಲಿ ಪೀಸಿನ ದರವನ್ನೂ ಬರೆಯಿರಿ. “60 ಪೀಸ್, 300 ಫೋಟೊ, ಒಟ್ಟು ₹48,000, ಪೀಸಿಗೆ ₹800 ಬೀಳುತ್ತದೆ” ಎಂದರೆ ಮಾಲೀಕರು ತಮ್ಮ ಭಾಷೆಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ.

ದಿನಗಳ ವಿಂಗಡಣೆಯನ್ನು ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ₹4,500 ಎಂಬ ಅಂಕಿ ಕಿವಿಗೆ ಬಿದ್ದ ಕೂಡಲೇ ಅದು ಅವರ ಘಟಕದ ದಿನಗೂಲಿಯ ಪಕ್ಕದಲ್ಲಿ ನಿಂತುಬಿಡುತ್ತದೆ, ಆ ಹೋಲಿಕೆಯಿಂದ ಮಾತನ್ನು ಹೊರಕ್ಕೆ ತರುವುದು ಕಷ್ಟ. ಅದಲ್ಲದೆ “ಎಡಿಟಿಂಗ್‌ಗೆ ಐದು ದಿನ ಯಾಕ್ರೀ, ಮೂರು ದಿನದಾಗ ಮುಗಸ್ರಿ” ಎಂಬ ಮಾತು ಬಂದರೆ ನಿಮ್ಮ ವೇಗಕ್ಕೆ ದಂಡ ಬಿದ್ದಂತಾಗುತ್ತದೆ.

ಕೆಲಸಕ್ಕೆ ಅಂಚು ಇಲ್ಲದಿದ್ದಾಗ ಮಾತ್ರ ದಿನದ ದರ ಹೇಳುವುದು ಸರಿ. ವಾಷಿಂಗ್ ಘಟಕದಲ್ಲಿ ಕೆಲಸ ನಡೆಯುವುದನ್ನು ವಿಡಿಯೊ ಮಾಡಿಕೊಡಿ ಎಂದರೆ ಯಂತ್ರ ಯಾವಾಗ ಓಡುತ್ತದೆ, ಮಾಲೀಕರು ಯಾವಾಗ ಬರುತ್ತಾರೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಕಾಯುವ ಹೊತ್ತಿಗೆ ಬೆಲೆ ಇರಬೇಕಾದರೆ ದಿನದ ಲೆಕ್ಕವೇ ಬೇಕು.

“ಬೇರೆಯವರು ಫೋಟೊಗೆ ₹50ಕ್ಕೆ ಮಾಡಿಕೊಡುತ್ತಾರೆ” ಎಂದರೆ ಏನು ಹೇಳಬೇಕು?

ಲೆಕ್ಕದಲ್ಲಿ ನೋಡಿದರೆ ಅದು 300 ಫೋಟೊಗೆ ₹15,000, ನಿಮ್ಮದು ಫೋಟೊಗೆ ₹160. ಆ ಮಾತು ಸುಳ್ಳೆಂದು ವಾದಿಸಬೇಡಿ, ಬೇರೆಯವರನ್ನು ಹಳಿಯಬೇಡಿ. ಆ ₹50ರಲ್ಲಿ ಏನೇನು ಬರುತ್ತದೆ ಎಂದು ವಿಚಾರಿಸಿ. ಇಸ್ತ್ರಿ ಯಾರದು? ಬೊಂಬೆಯನ್ನು ಅಳಿಸಿಕೊಡುತ್ತಾರೆಯೇ? ವಾಷ್ ಬಣ್ಣ ಹೊಂದಿಸುತ್ತಾರೆಯೇ? ಅಮೆಜಾನ್‌ನಲ್ಲಿ ಮುಖ್ಯ ಚಿತ್ರದ ಹಿನ್ನೆಲೆ 255, 255, 255 ಮೌಲ್ಯದ ಶುದ್ಧ ಬಿಳಿಯಾಗಿರಬೇಕು ಮತ್ತು ವಸ್ತು ಚೌಕಟ್ಟಿನ ನೂರಕ್ಕೆ 85 ಭಾಗವನ್ನು ತುಂಬಬೇಕು ಎಂಬ ನಿಯಮವಿದೆ, ಅದಕ್ಕೆ ಹೊಂದುವಂತೆ ಕೊಡುತ್ತಾರೆಯೇ? ಎಲ್ಲದಕ್ಕೂ ಹೌದು ಎಂಬ ಉತ್ತರ ಬಂದರೆ ಆ ಕೆಲಸ ಅವರಿಗೇ ಹೋಗಲಿ.

ಅಷ್ಟಾದ ಮೇಲೂ ಗ್ರಾಹಕರಿಗೆ ನಿಮ್ಮಿಂದಲೇ ಮಾಡಿಸುವ ಮನಸ್ಸಿದ್ದು ಹಣ ಸಾಲದಿದ್ದರೆ, ದರವನ್ನು ಹಾಗೇ ಇಟ್ಟು ಕೆಲಸವನ್ನು ಕಡಿಮೆ ಮಾಡಿ. ಐದರ ಬದಲು ಪೀಸಿಗೆ ಮೂರು ಫೋಟೊ ಎಂದುಕೊಳ್ಳಿ. ಚಿತ್ರೀಕರಣ ಪೀಸಿಗೆ 15 ನಿಮಿಷದಂತೆ ಎರಡೂವರೆ ದಿನ, 180 ಫೋಟೊಗಳ ಎಡಿಟಿಂಗ್ ಮೂರು ದಿನ, ಸಿದ್ಧತೆ ಒಂದು ದಿನ. ಆರೂವರೆ ದಿನಕ್ಕೆ ₹29,250, ಸಹಾಯಕ ಮತ್ತು ಆಟೊ ಮೊದಲಿನಷ್ಟೇ ₹3,600, ತಪ್ಪಂದಾಜಿಗೆ ₹2,925. ಒಟ್ಟು ₹35,775, ಅಂದರೆ ₹36,000, ಪೀಸಿಗೆ ₹600.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಫೋಟೊಗಳು ನೂರಕ್ಕೆ 40ರಷ್ಟು ಕಡಿಮೆಯಾದವು, ಬೆಲೆ ಇಳಿದದ್ದು 25ರಷ್ಟು ಮಾತ್ರ. ಇಸ್ತ್ರಿ ಮಾಡಿ ತೊಡಿಸುವ ಶ್ರಮ ಫೋಟೊ ಎಷ್ಟಾದರೂ ಒಂದೇ. “ಮೂರೇ ಫೋಟೊ ಅಲ್ಲೇನ್ರಿ, ₹480 ತಗೊಳ್ರಿ” ಎಂದು ಗ್ರಾಹಕರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಇದು. ಇಸ್ತ್ರಿ ಮಾಡಿದ ಪೀಸುಗಳನ್ನು ಹ್ಯಾಂಗರಿನಲ್ಲಿ ತೂಗುಹಾಕಿ ಅವರೇ ಕಳಿಸುವುದಾದರೆ ಇನ್ನಷ್ಟು ಇಳಿಸಬಹುದು, ಅವರಿಗೆ ಅದು ಸುಲಭವೂ ಹೌದು. ಏನನ್ನೂ ಬಿಡದೆ ಸುಮ್ಮನೆ ₹48,000ವನ್ನು ₹36,000 ಮಾಡಿದರೆ, ಮೊದಲ ಅಂಕಿಯೇ ಹುಸಿಯೆಂದು ಗ್ರಾಹಕರು ತಿಳಿದು ಮುಂದಿನ ಸಲವೂ ಅಷ್ಟನ್ನೇ ಕಡಿಯುತ್ತಾರೆ.

“ಮೊದಲು 20 ಪೀಸ್ ಮಾಡಿ ನೋಡೋಣ, ಅದೇ ದರಕ್ಕೆ” ಎಂದರೆ?

₹800ರಂತೆ 20 ಪೀಸಿಗೆ ₹16,000 ಬರುತ್ತದೆ. ಕೆಲಸಕ್ಕೆ ಹಿಡಿಯುವುದು ಸಿದ್ಧತೆಗೆ ಒಂದು, ಚಿತ್ರೀಕರಣಕ್ಕೆ ಒಂದು, ಎಡಿಟಿಂಗ್‌ಗೆ ಒಂದೂವರೆ, ಒಟ್ಟು ಮೂರೂವರೆ ದಿನ: ₹15,750. ಸಹಾಯಕನಿಗೆ ₹700, ಆಟೊಗೆ ₹1,500 ಸೇರಿದರೆ ₹17,950. ತಪ್ಪಂದಾಜಿಗೆ ಬಿಡಿಗಾಸು ಇಡುವ ಮೊದಲೇ ₹1,950 ಕೈಯಿಂದ ಹೋಯಿತು. ಪೀಸಿನ ದರ ಹೇಳುವ ಪ್ರತಿ ಸಾಲಿನಲ್ಲೂ “60 ಪೀಸಿಗೆ ಕಡಿಮೆ ಇಲ್ಲದಂತೆ” ಎಂದು ಬರೆಯಬೇಕಾದದ್ದು ಇದಕ್ಕೇ. 20 ಪೀಸಿಗೆ ಬೇರೆ ದರ, ₹975ರ ಆಸುಪಾಸು.

ನಿಮ್ಮ ಕೈಗುಣ ನೋಡುವುದಷ್ಟೇ ಅವರ ಉದ್ದೇಶವಾದರೆ ಎರಡು ಪೀಸಿನ ಸ್ಯಾಂಪಲ್‌ಗೆ ₹1,500 ಎಂದು ಹೇಳಿ, ಆರ್ಡರ್ ಖಚಿತವಾದರೆ ಅದನ್ನು ಬಿಲ್ಲಿನಲ್ಲಿ ಕಳೆಯುವುದಾಗಿ ತಿಳಿಸಿ. ಒಪ್ಪಿಗೆಯ ಪೀಸುಗಳ ದಿನ ಹೇಗೂ ಒಟ್ಟು ಬೆಲೆಯೊಳಗೆ ಇದೆ, ಹಾಗಾಗಿ ನಿಮಗೆ ನಷ್ಟವಿಲ್ಲ. ಪುಕ್ಕಟೆ ಸ್ಯಾಂಪಲ್ ಕೇಳುವವರೆಲ್ಲ ಮೋಸಗಾರರಲ್ಲ, ಆದರೆ ₹1,500 ಕೊಡಲು ಹಿಂದೆಗೆಯುವವರು ₹48,000 ಹೇಗೆ ಕೊಟ್ಟಾರು ಎಂದು ಯೋಚಿಸುವುದು ತಪ್ಪಲ್ಲ.

ಬೆಲೆ ಸರಿಯಾಗಿ ಕಟ್ಟಿದರೂ ನಷ್ಟವಾಗುವುದು ಎಲ್ಲಿ?

ಜೀನ್ಸ್ ಕೆಲಸದಲ್ಲಿ ಅದು ಬಣ್ಣದಲ್ಲಿ. ನೀಲಿಯಲ್ಲೇ ಹತ್ತಾರು ಛಾಯೆಗಳಿರುತ್ತವೆ, ಒಂದೇ ಬಟ್ಟೆಗೆ ಬೇರೆ ಬೇರೆ ವಾಷ್ ಕೊಟ್ಟಿರುತ್ತಾರೆ, ಬೆಳಕಿನ ಬಣ್ಣ ಸ್ವಲ್ಪ ತಪ್ಪಿದರೂ ಫೋಟೊದಲ್ಲಿ ಎರಡು ಮಾದರಿಗಳು ಒಂದೇ ಆಗಿಬಿಡುತ್ತವೆ. ಫೋಟೊದ ಬಣ್ಣ ಬೇರೆ, ಕೈಗೆ ಬಂದ ಪ್ಯಾಂಟಿನ ಬಣ್ಣ ಬೇರೆ ಎಂದಾದರೆ ಕೊಂಡವರು ಸಾಮಾನು ವಾಪಸು ಕಳಿಸುತ್ತಾರೆ, ಆದ್ದರಿಂದ ಮಾಲೀಕರು ಇದರಲ್ಲಿ ಬಿಗಿಯಾಗಿರುವುದು ನ್ಯಾಯವೇ.

ಒಮ್ಮೆ ನಾನು ಎಲ್ಲ ಪೀಸುಗಳನ್ನೂ ತೆಗೆದು, ಎಡಿಟ್ ಮುಗಿಸಿ ಕಳಿಸಿದ ಮೇಲೆ “ಬಣ್ಣ ಸರಿ ಇಲ್ಲ” ಎಂಬ ಉತ್ತರ ಬಂತು. ಹೋಗಿ ನೋಡಿದರೆ ಅವರು ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಪ್ಯಾಂಟನ್ನು ಹಿಡಿದು, ಮೊಬೈಲಿನ ಪರದೆಯೊಂದಿಗೆ ಹೋಲಿಸುತ್ತಿದ್ದರು. ಆ ಮೊಬೈಲಿನಲ್ಲಿ ಕಣ್ಣಿಗೆ ಹಿತವೆಂದು ಪರದೆಯನ್ನು ಹಳದಿಯಾಗಿಸುವ ವ್ಯವಸ್ಥೆ ಚಾಲೂ ಇತ್ತು. ತಪ್ಪು ಯಾರದೆಂದು ವಾದಿಸಿ ಪ್ರಯೋಜನವಿರಲಿಲ್ಲ, ಏಕೆಂದರೆ ಯಾವ ಬೆಳಕಿನಲ್ಲಿ, ಯಾವ ಪರದೆಯಲ್ಲಿ ಹೋಲಿಸಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. 22 ಪೀಸುಗಳನ್ನು ಮತ್ತೆ ಮಾಡಿಕೊಟ್ಟೆ, ಆ ದಿನಗಳಿಗೆ ಒಂದು ಪೈಸೆಯೂ ಬರಲಿಲ್ಲ.

ಅಂದಿನಿಂದ ದರಪಟ್ಟಿಯಲ್ಲಿ ಎರಡು ಸಾಲುಗಳು ಸೇರಿದವು. ಮೊದಲನೆಯದು, ಮೊದಲ ಎರಡು ಪೀಸುಗಳ ಫೋಟೊವನ್ನು ಹಗಲಿನಲ್ಲಿ, ಬಾಗಿಲ ಬಳಿಯ ನೆರಳಿನಲ್ಲಿ, ಪ್ಯಾಂಟನ್ನು ಪಕ್ಕದಲ್ಲಿಟ್ಟು ನೋಡಿ ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆ ಬರೆದ ನಂತರವೇ ಉಳಿದ ಕೆಲಸ ಆರಂಭವಾಗುತ್ತದೆ. ಎರಡನೆಯದು, ಒಪ್ಪಿದ ಮಾದರಿಗೆ ಹೊಂದದ ಫೋಟೊಗಳನ್ನು ಒಂದು ಸಲ ಪುಕ್ಕಟೆಯಾಗಿ ತಿದ್ದಲಾಗುತ್ತದೆ, ಒಪ್ಪಿದ ಮೇಲೆ ಮನಸ್ಸು ಬದಲಾದರೆ ಫೋಟೊಗೆ ಇಂತಿಷ್ಟು. ಇದರೊಂದಿಗೆ ಪ್ರತಿ ಬೆಳಕಿನ ಹೊಂದಿಕೆಯ ಆರಂಭದಲ್ಲಿ ಬೂದು ಕಾರ್ಡ್ ಇಟ್ಟು ಒಂದು ಫೋಟೊ ತೆಗೆದಿಡುತ್ತೇನೆ. ಬಣ್ಣ ನಮ್ಮ ಕಡೆ ತಪ್ಪಿದೆಯೋ ಪರದೆಯಲ್ಲಿ ತಪ್ಪಿದೆಯೋ ಎಂಬುದನ್ನು ಅದು ತೋರಿಸುತ್ತದೆ.

ಕೆಲಸದ ನಡುವೆ ಹೆಚ್ಚು ಪೀಸ್ ತಂದುಕೊಟ್ಟರೆ?

“ಅಣ್ಣಾ, ಹೆಂಗೂ ಲೈಟ್ ಹಚ್ಚೀರಿ, ಇವಿಷ್ಟನ್ನೂ ಹೊಡೆದುಬಿಡ್ರಿ” ಎಂದು ಹದಿನೆಂಟು ಪ್ಯಾಂಟಿನ ಗಂಟು ಬರುವುದುಂಟು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಂದಿಕೆ ಸಿದ್ಧವಿರುವಾಗ ಹೆಚ್ಚಿನ ಪೀಸಿಗೆ ಹಿಡಿಯುವುದು ಚಿತ್ರೀಕರಣದ 20 ಮತ್ತು ಎಡಿಟಿಂಗ್‌ನ 30, ಒಟ್ಟು 50 ನಿಮಿಷ. ದಿನದ ದರದ ಪ್ರಕಾರ ಅದು ಸುಮಾರು ₹577, ಸಹಾಯಕನ ಪಾಲು ಮತ್ತು ತಪ್ಪಂದಾಜು ಸೇರಿ ₹670ರ ಹತ್ತಿರ. ಹಾಗಾಗಿ “ಹೊಂದಿಕೆ ಬಿಚ್ಚುವ ಮೊದಲು ಬಂದ ಹೆಚ್ಚುವರಿ ಪೀಸಿಗೆ ₹700” ಎಂದು ಮೊದಲೇ ಬರೆದಿಡಿ. ರಿಯಾಯಿತಿ ಕೊಟ್ಟಂತೆಯೂ ಆಗುತ್ತದೆ, ಕೈಯಿಂದಲೂ ಹೋಗುವುದಿಲ್ಲ. ಬಿಚ್ಚಿದ ಮೇಲೆ ಬಂದದ್ದು ಹೊಸ ಕೆಲಸ.

ಅರ್ಧ ದಿನದ ಕೆಲಸಕ್ಕೆ ಅರ್ಧ ದರವೇ?

ಅಲ್ಲ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ ಮೂರು ಗಂಟೆ ಕೆಲಸ ಮಾಡಿ ಮರಳಿದರೆ ಆ ದಿನ ಬೇರೆ ಕೆಲಸ ಆಗುವುದಿಲ್ಲ, ಆದ್ದರಿಂದ ಹೊರ ಊರಿಗೆ ಪೂರ್ತಿ ದಿನದ ದರ ಮತ್ತು ಪ್ರಯಾಣ ಖರ್ಚು. ಊರೊಳಗಿನ ಅರ್ಧ ದಿನಕ್ಕೆ ₹3,000 ಎಂದರೆ ಸರಿಹೋಗುತ್ತದೆ.

ಹೊಸ ಗ್ರಾಹಕರಿಂದ ಮುಂಗಡ ಎಷ್ಟು ಕೇಳಬಹುದು?

ಅರ್ಧ. ಪೀಸುಗಳು ಕೋಣೆಗೆ ಬರುವ ದಿನ ₹24,000, ಸಣ್ಣ ಗಾತ್ರದ, ಮೇಲೆ ಗುರುತು ಹಾಕಿದ ಫೋಟೊಗಳನ್ನು ತೋರಿಸಿದಾಗ ₹24,000, ಅದು ಖಾತೆಗೆ ಬಂದ ಮೇಲೆ ಪೂರ್ತಿ ಗಾತ್ರದ ಕಡತಗಳು. “ನಮ್ಮ ಸಾಮಾನು ನಿಮ್ಮ ಹತ್ರಾನೇ ಇರ್ತದಲ್ಲ, ಮುಂಗಡ ಯಾಕ?” ಎಂಬ ಪ್ರಶ್ನೆ ಬರಬಹುದು. ಅವರ ಸಾಮಾನನ್ನು ಹಿಡಿದಿಟ್ಟು ಹಣ ಕೇಳುವ ದಾರಿಗೆ ಇಳಿಯಲೇಬೇಡಿ, ಪೀಸುಗಳನ್ನು ಎಣಿಸಿ ಸಹಿ ಪಡೆದು ಕೂಡಲೇ ಮರಳಿಸಿ. ನಿಮ್ಮ ಕೈಯಲ್ಲಿ ಉಳಿಯಬೇಕಾದದ್ದು ಕಡತಗಳು ಮಾತ್ರ.

ಜಿಎಸ್‌ಟಿ ಮತ್ತು ಟಿಡಿಎಸ್ ವಿಚಾರವನ್ನು ದರದ ಮಾತಿನಲ್ಲೇ ತರಬೇಕೇ?

ತರಬೇಕು. ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷದೊಳಗಿದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ನೋಂದಣಿ ಇದ್ದರೆ “₹48,000, ಜಿಎಸ್‌ಟಿ ಪ್ರತ್ಯೇಕ” ಎಂದು ಬರೆಯಿರಿ. ಹಾಗೆ ಬರೆಯದಿದ್ದರೆ ನೂರಕ್ಕೆ 18ರ ತೆರಿಗೆಯನ್ನು ಆ ₹48,000ದೊಳಗಿಂದಲೇ ಕಟ್ಟುವ ಪ್ರಸಂಗ ಬರುತ್ತದೆ.

ಟಿಡಿಎಸ್ ಬೆಲೆಯಲ್ಲಿ ಕಡಿತವಲ್ಲ, ನಿಮ್ಮ ಹೆಸರಿನಲ್ಲಿ ಮೊದಲೇ ಕಟ್ಟುವ ಆದಾಯ ತೆರಿಗೆ. ಗ್ರಾಹಕರ ಲೆಕ್ಕಿಗರು ನಿಮ್ಮ ಬಿಲ್ಲನ್ನು ಗುತ್ತಿಗೆ ಕೆಲಸವೆಂದು ಪರಿಗಣಿಸಿದರೆ ವ್ಯಕ್ತಿಗೆ ನೂರಕ್ಕೆ 1, ವೃತ್ತಿಪರ ಶುಲ್ಕವೆಂದು ಪರಿಗಣಿಸಿದರೆ 10 ಕಡಿತವಾಗುತ್ತದೆ. ವೃತ್ತಿಪರ ಶುಲ್ಕಕ್ಕೆ ಕಡಿತವಿಲ್ಲದ ವರ್ಷದ ಮಿತಿ 2025ರ ಏಪ್ರಿಲ್‌ನಿಂದ ₹50,000 ಆಗಿದೆ. ಕೈಗೆ ಬರುವ ಹಣದಲ್ಲಿ ಈ ವ್ಯತ್ಯಾಸ ದೊಡ್ಡದು, ಆದ್ದರಿಂದ ಯಾವುದರಲ್ಲಿ ಹಿಡಿಯುತ್ತೀರಿ ಎಂದು ಮೊದಲೇ ಕೇಳಿ, ಪ್ಯಾನ್ ಸಂಖ್ಯೆ ಕೊಡಿ. ಪ್ಯಾನ್ ಕೊಡದಿದ್ದರೆ ಕಡಿತ ನೂರಕ್ಕೆ 20ಕ್ಕೆ ಏರುತ್ತದೆ.

ಬಾಕಿ ತಡವಾದರೆ ಕಾನೂನಿನ ಬೆಂಬಲವೇನಾದರೂ ಇದೆಯೇ?

ಉದ್ಯಮ್ ನೋಂದಣಿ ಮಾಡಿಸಿಕೊಂಡ ಸೂಕ್ಷ್ಮ ಉದ್ಯಮಕ್ಕೆ ಇದೆ, ಆ ನೋಂದಣಿಗೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ದಾಟುವಂತಿಲ್ಲ, ಗಡುವು ಬರೆಯದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿಯಾಗಿ, ಕೊಡಬೇಕಾಗುತ್ತದೆ. ಆದರೆ ಸಣ್ಣ ಊರಿನ ವ್ಯವಹಾರದಲ್ಲಿ ದೂರು ಕೊಡುವುದೆಂದರೆ ಆ ಗ್ರಾಹಕರನ್ನು ಬಿಟ್ಟಂತೆಯೇ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ದಿನಾಂಕವನ್ನೂ ಅಚ್ಚು ಹಾಕಿದರೆ ಲೆಕ್ಕಿಗರ ಗಮನಕ್ಕೆ ಅದು ತಾನಾಗಿ ಬರುತ್ತದೆ.

ಫೋಟೊಗಳ ಹಕ್ಕು ಯಾರದು? ಅದಕ್ಕೆ ಬೇರೆ ಬೆಲೆ ಇದೆಯೇ?

ಹೊರದೇಶದ ಮಾದರಿ ಒಪ್ಪಂದಗಳನ್ನು ನಕಲು ಮಾಡುವವರು ಇಲ್ಲಿ ಎಡವುತ್ತಾರೆ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯ 17ನೆಯ ವಿಧಿಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ನಿಮ್ಮ ಕೆಲಸದ ಮಾದರಿಯಾಗಿ ಆ ಫೋಟೊಗಳನ್ನು ತೋರಿಸಿಕೊಳ್ಳಬೇಕೆಂದರೆ ಆ ಅನುಮತಿಯನ್ನು ದರಪಟ್ಟಿಯಲ್ಲೇ ಒಂದು ಸಾಲಾಗಿ ಬರೆದು ಒಪ್ಪಿಸಿಕೊಳ್ಳಬೇಕು. ಮಾಲೀಕರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಹೊಸ ಮಾದರಿ ಮಾರುಕಟ್ಟೆಗೆ ಬರುವ ಮೊದಲು ತೋರಿಸಬೇಡಿ ಎನ್ನುತ್ತಾರಷ್ಟೆ.

ಅದೇ ಗ್ರಾಹಕರು ಎರಡನೆಯ ಸಲ ಬಂದಾಗ ದರ ಬದಲಿಸಬಹುದೇ?

ಮೊದಲ ಕೆಲಸದಲ್ಲಿ ನಿಜವಾಗಿ ಹಿಡಿದ ದಿನಗಳನ್ನು ಬರೆದಿಟ್ಟಿದ್ದರೆ ಬದಲಿಸಬಹುದು. ಒಂಬತ್ತು ದಿನದ ಅಂದಾಜು ಹನ್ನೊಂದಾಗಿದ್ದರೆ ಅದು ಏಕೆಂದು ನೋಡಿ. ನಿಮ್ಮ ಎಡಿಟಿಂಗ್ ನಿಧಾನವಾದದ್ದಾದರೆ ಆ ಹೊರೆ ನಿಮ್ಮದು. ಅವರ ಪೀಸುಗಳು ಇಸ್ತ್ರಿ ಇಲ್ಲದೆ, ದಾರ ಕತ್ತರಿಸದೆ, ಟ್ಯಾಗ್ ಅದಲುಬದಲಾಗಿ ಬಂದದ್ದಾದರೆ, ಆ ಎರಡು ದಿನಗಳನ್ನು ಮುಂದಿನ ದರಪಟ್ಟಿಯಲ್ಲಿ ಸೇರಿಸಿ ಕಾರಣವನ್ನೂ ಬರೆಯಿರಿ. ಬಹಳ ಸಲ ಮಾಲೀಕರು ಹೆಚ್ಚಿನ ದರ ಕೊಡುವ ಬದಲು ಪೀಸುಗಳನ್ನು ಸಿದ್ಧಮಾಡಿ ಕಳಿಸಲು ಒಪ್ಪುತ್ತಾರೆ, ಆಗ ಹಳೆಯ ₹800ಕ್ಕೇ ಆ ಕೆಲಸ ಒಂಬತ್ತು ದಿನದಲ್ಲಿ ಮುಗಿಯುತ್ತದೆ.